ನಾಲ್ಕು ಅಂಕದ ಹೋಲಿಕೆ ಪಟ್ಟಿ: ಜೀರ್ಣಾಂಗ ಮತ್ತು ರಕ್ತಪರಿಚಲನೆ

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ವಿಜ್ಞಾನದ ಟೆಸ್ಟಿನಲ್ಲಿ ‘ಜೀರ್ಣಾಂಗ ವ್ಯೂಹ ಮತ್ತು ರಕ್ತಪರಿಚಲನಾ ವ್ಯೂಹವನ್ನು ಪಟ್ಟಿ ಮಾಡಿ ಹೋಲಿಸಿ’ ಅಂತ ನಾಲ್ಕು ಅಂಕಕ್ಕೆ ಕೇಳಿದ್ದರು. ಅವಳು ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ, ಆದರೂ ಒಂದೂವರೆ ಅಂಕ ಕೊಟ್ಟಿದ್ದಾರೆ. ಅಪಧಮನಿ–ಅಭಿಧಮನಿ ಪಟ್ಟಿಯಲ್ಲೂ ‘ಶುದ್ಧ ರಕ್ತ, ಅಶುದ್ಧ ರಕ್ತ’ ಅನ್ನೋ ಸಾಲಿಗೆ ಅಡ್ಡಗೆರೆ ಎಳೆದಿದ್ದಾರೆ. ನಾವು ಓದುವಾಗ ಹಾಗೇ ಕಲಿತಿದ್ದೆವಲ್ಲ ಸರ್? ಉತ್ತರ ಪತ್ರಿಕೆಯ ಫೋಟೋ ಕಳಿಸಿದ್ದೇನೆ. ಹೇಗೆ ಬರೀಬೇಕು ಅಂತ ತಿಳಿಸಿ. (ಒಬ್ಬ ತಾಯಿ, ಗೋಣಿಕೊಪ್ಪ)

ಉತ್ತರ: ಫೋಟೋ ನೋಡಿದೆ. ನಿಮ್ಮ ಮಗಳು ಪಾಠ ಓದಿದ್ದಾಳೆ, ಅದರಲ್ಲಿ ಸಂಶಯ ಇಲ್ಲ. ತೊಂದರೆ ಇರೋದು ಸಾಲುಗಳಲ್ಲಿ. ಅವಳು ಬರೆದದ್ದನ್ನು ಇದ್ದ ಹಾಗೇ ಇಲ್ಲಿ ಇಡುತ್ತೇನೆ.

| ಜೀರ್ಣಾಂಗ ವ್ಯೂಹ | ರಕ್ತಪರಿಚಲನಾ ವ್ಯೂಹ |
|---|---|
| ಆಹಾರವನ್ನು ಜೀರ್ಣ ಮಾಡುತ್ತದೆ | ಹೃದಯ, ರಕ್ತನಾಳ, ರಕ್ತ ಇವೆ |
| ಬಾಯಿ, ಅನ್ನನಾಳ, ಜಠರ, ಕರುಳು ಇವೆ | ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆಗಳು ಇವೆ |
| ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ | ಹೃದಯಕ್ಕೆ ನಾಲ್ಕು ಕೋಣೆಗಳಿವೆ |
| ಕೊನೆಗೆ ಮಲ ಹೊರಗೆ ಹೋಗುತ್ತದೆ | ರಕ್ತ ಹೊರಗೆ ಹೋಗದೆ ಹೃದಯಕ್ಕೆ ವಾಪಸ್ ಬರುತ್ತದೆ |

ಒಂದೊಂದೇ ಸಾಲನ್ನು ಅಡ್ಡಕ್ಕೆ ಓದಿ ನೋಡಿ. ಮೂರನೆಯದನ್ನು ತಗೊಳ್ಳಿ. ಎಡಗಡೆ ಉದ್ದ, ಬಲಗಡೆ ಕೋಣೆಗಳ ಲೆಕ್ಕ. ಒಬ್ಬರ ಮನೆಯ ಎತ್ತರವನ್ನೂ ಇನ್ನೊಬ್ಬರ ಕಾಫಿ ತೋಟದ ಎಕರೆಯನ್ನೂ ಎದುರುಬದುರು ಇಟ್ಟ ಹಾಗಾಯಿತು. ಎರಡೂ ನಿಜ, ಆದರೆ ಹೋಲಿಕೆ ಎಲ್ಲಿದೆ? ಮೊದಲನೇ ಸಾಲಿನಲ್ಲೂ ಅದೇ ಕಥೆ. ಎಡಗಡೆ ಕೆಲಸ ಹೇಳಿದ್ದಾಳೆ, ಬಲಗಡೆ ಭಾಗಗಳನ್ನು ಹೇಳಿದ್ದಾಳೆ. ಭಾಗಗಳ ಸಾಲು ಕೆಳಗೆ ಬಂದಾಗ ಎಡಗಡೆಗೆ ಅಂಗಗಳು ಬಂದವು, ಎದುರಿಗೆ ರಕ್ತದೊಳಗಿನ ಕಣಗಳು ಬಂದು ಕೂತವು. ಒಂದು ಮನೆ ಜಾರಿದ್ದಕ್ಕೆ ಎರಡು ಸಾಲು ಹೋಯಿತು.

ನಾಲ್ಕನೇ ಸಾಲು ಮಾತ್ರ ಸರಿಯಾಗಿ ಎದುರುಬದುರು ನಿಂತಿದೆ. ಅದಕ್ಕೆ ಪೂರ್ತಿ ಅಂಕ ಸಿಕ್ಕಿದೆ. ಮೊದಲ ಸಾಲಿನ ಎಡಭಾಗಕ್ಕೆ ಅರ್ಧ ಕೊಟ್ಟಿದ್ದಾರೆ. ತಿದ್ದಿದವರು ಜಿಪುಣತನ ಮಾಡಿಲ್ಲ, ನಾನಾಗಿದ್ದರೂ ಅಷ್ಟೇ ಕೊಡುತ್ತಿದ್ದೆ.

ಇದಕ್ಕೆ ಪರಿಹಾರ ಸರಳ. ಎಡತುದಿಯಲ್ಲಿ ಮೂರನೇ ಕಲಂ ಒಂದು ಬೇಕು. ಅದರ ತಲೆಯ ಮೇಲೆ ‘ಆಧಾರ’ ಅಂತ ಬರೆಯಲಿ. ಮೊದಲು ಆ ಕಲಮನ್ನು ಮೇಲಿಂದ ಕೆಳಗೆ ಪೂರ್ತಿ ತುಂಬಿಸಬೇಕು, ಆಮೇಲೆ ಉಳಿದ ಎರಡು ಕಲಂಗೆ ಕೈ ಹಾಕಬೇಕು. ಮಕ್ಕಳು ಸಾಮಾನ್ಯವಾಗಿ ಎಡಗಡೆಯ ವ್ಯೂಹದ ಬಗ್ಗೆ ನೆನಪಿರೋದನ್ನೆಲ್ಲ ಮೊದಲು ಸುರಿದುಬಿಡುತ್ತಾರೆ. ಆಮೇಲೆ ಬಲಗಡೆ ತುಂಬಿಸಲು ಹೊರಡುತ್ತಾರೆ. ಆಗ ಎದುರಿಗೆ ಹೊಂದುವ ವಿಷಯ ಸಿಗದೆ, ಸುಮ್ನೆ ಜಾಗ ಖಾಲಿ ಬಿಡಬಾರದು ಅಂತ ಯಾವುದೋ ಒಂದನ್ನು ತಂದು ಕೂರಿಸುತ್ತಾರೆ.

ಹಾಗಾದರೆ ಆಧಾರ ಯಾವುದಿರಬೇಕು? ಎರಡೂ ಕಡೆಗೆ ಒಂದೇ ಥರ ಕೇಳಬಹುದಾದ ಪ್ರಶ್ನೆ ಇರಬೇಕು. ಈ ಎರಡು ವ್ಯೂಹಗಳಿಗೆ ನನಗೆ ತುಂಬ ಒಳ್ಳೆಯವು ಅನ್ನಿಸೋ ಐದನ್ನು ಕೆಳಗೆ ತುಂಬಿಸಿದ್ದೇನೆ. ನಾಲ್ಕು ಅಂಕಕ್ಕೆ ನಾಲ್ಕು ಸಾಕು, ಐದನೆಯದು ಕೈಯಲ್ಲಿರಲಿ.

| ಆಧಾರ | ಜೀರ್ಣಾಂಗ ವ್ಯೂಹ | ರಕ್ತಪರಿಚಲನಾ ವ್ಯೂಹ |
|---|---|---|
| ಮುಖ್ಯ ಕೆಲಸ | ಆಹಾರವನ್ನು ಸಣ್ಣ ಅಂಶಗಳಾಗಿ ಒಡೆದು ಹೀರಿಕೊಳ್ಳುವುದು | ಆಹಾರಾಂಶ, ಆಮ್ಲಜನಕ, ತ್ಯಾಜ್ಯಗಳನ್ನು ಸಾಗಿಸುವುದು |
| ದಾರಿ | ಬಾಯಿಯಿಂದ ಗುದದ್ವಾರದವರೆಗೆ, ಎರಡು ತುದಿಯೂ ಹೊರಕ್ಕೆ ತೆರೆದ ನಳಿಕೆ | ಹೃದಯದಿಂದ ಹೊರಟು ಹೃದಯಕ್ಕೇ ಬರುವ ಮುಚ್ಚಿದ ಸುತ್ತು |
| ಮುಂದಕ್ಕೆ ತಳ್ಳುವುದು | ನಳಿಕೆಯ ಗೋಡೆಯ ಸ್ನಾಯುಗಳ ಅಲೆಯಂಥ ಚಲನೆ (ಪೆರಿಸ್ಟಾಲ್ಸಿಸ್) | ಹೃದಯದ ಬಡಿತ |
| ಒಳಗೆ ಸಾಗುವ ವಸ್ತು | ಆಹಾರ. ಸಾಗುತ್ತಾ ಅದರ ರೂಪವೇ ಬದಲಾಗುತ್ತದೆ | ರಕ್ತ. ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತದೆ, ಹೊತ್ತ ಸರಕು ಬದಲಾಗುತ್ತದೆ |
| ಒಂದು ಸಲ ಸಾಗಲು ಬೇಕಾದ ಸಮಯ | ಸುಮಾರು ಒಂದರಿಂದ ಮೂರು ದಿನ | ವಿಶ್ರಾಂತಿಯಲ್ಲಿ ಸುಮಾರು ಒಂದು ನಿಮಿಷ |

ಸಮಯದ ಸಾಲನ್ನು ಬಾಯಿಪಾಠ ಮಾಡಿಸಬೇಡಿ, ಲೆಕ್ಕ ಹಾಕಿಸಿ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತ ಅಂತಿಟ್ಟುಕೊಂಡರೆ 5 ಲೀಟರ್ ಆಯಿತು. ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಮ್ಮಿ 5 ಲೀಟರೇ. ಅಂದರೆ ಮೈಯ ರಕ್ತವೆಲ್ಲ ಸುಮಾರು ಒಂದು ನಿಮಿಷದಲ್ಲಿ ಒಂದು ಸುತ್ತು ಮುಗಿಸುತ್ತದೆ. ಇದನ್ನು ಒಂದು ಸಲ ತಾನೇ ಗುಣಿಸಿ ನೋಡಿದ ಮಗು ಆ ಸಾಲನ್ನು ಮರೆಯೋದಿಲ್ಲ.

ಇನ್ನೊಂದು ವಿಷಯ. ಪ್ರಶ್ನೆಯಲ್ಲಿ ‘ವ್ಯತ್ಯಾಸ ತಿಳಿಸಿ’ ಅಂತಿದ್ದರೆ ಮೇಲಿನ ಪಟ್ಟಿ ಸಾಕು. ‘ಹೋಲಿಸಿ’ ಅಂತಿದ್ದರೆ ಎರಡಕ್ಕೂ ಸಮಾನವಾದ ಒಂದು ಅಂಶವನ್ನಾದರೂ ಬರೆಯಬೇಕು. ಪಟ್ಟಿಯ ಕೆಳಗೆ ಒಂದು ವಾಕ್ಯದಲ್ಲಿ ಬರೆದರೆ ಆಯಿತು. ಒಳ್ಳೆಯ ಸಾಮ್ಯ ಒಂದಿದೆ. ಎರಡರಲ್ಲೂ ಸಾಗುವ ವಸ್ತು ಹಿಂದಕ್ಕೆ ಬಾರದ ಹಾಗೆ ತಡೆ ಇದೆ. ಹೃದಯದಲ್ಲಿ ಮತ್ತು ಅಭಿಧಮನಿಗಳಲ್ಲಿ ಕವಾಟಗಳಿವೆ. ಜಠರದ ಬಾಯಲ್ಲೂ ತುದಿಯಲ್ಲೂ ಬಿಗಿಯುವ ಸ್ನಾಯುವಿನ ಬಳೆಗಳಿವೆ.

ಈ ಎರಡು ವ್ಯೂಹಗಳು ಬೇರೆ ಬೇರೆ ಪುಟದಲ್ಲಿದ್ದರೂ ಮೈಯೊಳಗೆ ಒಂದು ಕಡೆ ಬಂದು ಕೂಡುತ್ತವೆ. ಆ ಜಾಗ ಗೊತ್ತಿದ್ದರೆ ಪಟ್ಟಿ ತಾನಾಗೇ ತುಂಬುತ್ತದೆ. ನಿಮ್ಮ ಮನೆಯ ಊಟವನ್ನೇ ಹಿಡಿದು ಮಗಳಿಗೆ ಹೇಳಿ. ಮಧ್ಯಾಹ್ನ ಕಡಂಬುಟ್ಟು, ಪಂದಿ ಕರಿ ತಿಂದಳು ಅನ್ನಿ. ಕಡಂಬುಟ್ಟಿನ ಅಕ್ಕಿಯಲ್ಲಿರೋದು ಪಿಷ್ಟ. ಅದು ಬಾಯಲ್ಲೇ ಒಡೆಯಲು ಶುರುವಾಗುತ್ತದೆ, ಯಾಕಂದರೆ ಜೊಲ್ಲಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇದೆ. ಮಾಂಸದಲ್ಲಿ ಪ್ರೋಟೀನು, ಕೊಬ್ಬು ಎರಡೂ ಇವೆ. ಪ್ರೋಟೀನು ಒಡೆಯಲು ಶುರುವಾಗೋದು ಜಠರದಲ್ಲಿ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಕಿಣ್ವವೂ ಸಿಗುತ್ತವೆ. ಕೊಬ್ಬು ಬಹುಪಾಲು ಹಾಗೇ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸ ಅದನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ, ಮೇದೋಜ್ಜೀರಕ ಗ್ರಂಥಿಯ ರಸ ಒಡೆಯುತ್ತದೆ.

ಸಣ್ಣ ಕರುಳಿನ ಒಳಗೋಡೆಯಲ್ಲಿ ಸುಮಾರು ಒಂದು ಮಿಲಿಮೀಟರ್ ಎತ್ತರದ ಬೆರಳಿನಂಥ ಏಣುಗಳು ಲೆಕ್ಕವಿಲ್ಲದಷ್ಟಿವೆ. ಪುಸ್ತಕದಲ್ಲಿ ವಿಲ್ಲೈ ಅಂತಿದೆಯಲ್ಲ, ಅವೇ. ಪ್ರತಿಯೊಂದರ ಒಳಗೂ ಲೋಮನಾಳಗಳ ಬಲೆ ಇದೆ. ಎರಡು ವ್ಯೂಹಗಳು ಕೂಡೋ ಜಾಗ ಇದೇ. ಕಡಂಬುಟ್ಟಿನ ಪಿಷ್ಟ ಗ್ಲೂಕೋಸ್ ಆಗಿ, ಮಾಂಸದ ಪ್ರೋಟೀನು ಅಮೈನೋ ಆಮ್ಲವಾಗಿ ಇಲ್ಲಿ ರಕ್ತಕ್ಕೆ ಇಳಿಯುತ್ತವೆ. ಅಲ್ಲಿಂದ ಆ ರಕ್ತ ನೇರವಾಗಿ ಹೃದಯಕ್ಕೆ ಹೋಗೋದಿಲ್ಲ. ಪೋರ್ಟಲ್ ಅಭಿಧಮನಿ ಅನ್ನೋ ದಾರಿ ಹಿಡಿದು ಮೊದಲು ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಹೋಗುತ್ತದೆ. ಲಿವರು ಬೇಕಾದ್ದನ್ನು ಕೂಡಿಟ್ಟುಕೊಂಡು, ಬೇಡದ್ದನ್ನು ಸರಿಪಡಿಸಿ ಮುಂದಕ್ಕೆ ಬಿಡುತ್ತದೆ. ಆಮೇಲೆ ಹೃದಯದ ಬಲಭಾಗ, ಶ್ವಾಸಕೋಶ, ಹೃದಯದ ಎಡಭಾಗ, ಕೊನೆಗೆ ಇಡೀ ಮೈ.

ಪಂದಿ ಕರಿಯ ಕೊಬ್ಬಿನ ದಾರಿ ಬೇರೆ. ಅದರ ಹೆಚ್ಚಿನ ಪಾಲು ವಿಲ್ಲೈ ಒಳಗಿನ ಲೋಮನಾಳಕ್ಕೆ ಹೋಗದೆ, ಪಕ್ಕದಲ್ಲೇ ಇರುವ ದುಗ್ಧರಸದ ನಾಳಕ್ಕೆ ಹೋಗುತ್ತದೆ. ಅಲ್ಲಿಂದ ಎದೆಯ ಮೂಲಕ ಮೇಲೇರಿ, ಕುತ್ತಿಗೆಯ ಬುಡದ ಹತ್ತಿರ ಒಂದು ದೊಡ್ಡ ಅಭಿಧಮನಿಗೆ ಸೇರುತ್ತದೆ. ಲಿವರಿಗೆ ಹೋಗದೆ ಸುತ್ತುದಾರಿ ಹಿಡಿದ ಹಾಗಾಯಿತು. ಎಂಟನೇ ಕ್ಲಾಸಿಗೆ ಇಷ್ಟು ಕೇಳೋದಿಲ್ಲ. ಆದರೆ ‘ಜೀರ್ಣವಾದ ಎಲ್ಲಾ ಆಹಾರವೂ ನೇರವಾಗಿ ರಕ್ತಕ್ಕೆ ಸೇರುತ್ತದೆ’ ಅಂತ ಬರೆಯದಿರಲು ಇದು ಸಾಕು. ‘ಎಲ್ಲಾ’ ಅನ್ನೋ ಪದ ಈ ಪಾಠದಲ್ಲಿ ತುಂಬ ಜನರ ಅಂಕ ತಿಂದಿದೆ.

ಈಗ ಅಡ್ಡಗೆರೆ ಬಿದ್ದ ಸಾಲಿಗೆ ಬರೋಣ. ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ. ಹೌದು, ನೀವೂ ನಾನೂ ಹಾಗೇ ಕಲಿತದ್ದು. ಹಳೇ ನೋಟ್ಸುಗಳಲ್ಲಿ ಈಗಲೂ ಇದೆ. ಇದರಲ್ಲಿ ಎರಡು ದೋಷ ಇದೆ.

ಒಂದು, ಅಭಿಧಮನಿಯ ರಕ್ತ ಕೊಳೆಯಾದದ್ದಲ್ಲ. ಅದರಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಅಷ್ಟೇ. ನಾವು ಸುಮ್ಮನೆ ಕೂತಿರುವಾಗ ಮೈಯೆಲ್ಲ ಸುತ್ತಿ ವಾಪಸ್ ಬರುವ ರಕ್ತದಲ್ಲೂ ಹೊರಡುವಾಗ ಇದ್ದ ಆಮ್ಲಜನಕದ ಮುಕ್ಕಾಲು ಪಾಲು ಉಳಿದಿರುತ್ತದೆ. ಚಿತ್ರದಲ್ಲಿ ನೀಲಿ ಬಣ್ಣ ಬಳಿದಿರೋದು ಗುರುತಿಗೆ ಮಾತ್ರ. ನಿಜವಾದ ಬಣ್ಣ ಕಡುಗೆಂಪು. ಮಕ್ಕಳು ‘ನೀಲಿ ರಕ್ತ’ ಅಂತ ಬರೆದದ್ದನ್ನು ತಿದ್ದುವಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕಂದರೆ ಅದು ಅವರ ತಪ್ಪಲ್ಲ, ಚಿತ್ರ ತೋರಿಸಿ ಹೇಳದೇ ಬಿಟ್ಟವರದ್ದು.

ಎರಡು, ಶ್ವಾಸಕೋಶಕ್ಕೆ ಹೋಗಿಬರುವ ದಾರಿಯಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಪುಪ್ಪುಸಕ ಅಪಧಮನಿ ಆಮ್ಲಜನಕ ಕಡಿಮೆ ಇರುವ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುತ್ತದೆ. ಪುಪ್ಪುಸಕ ಅಭಿಧಮನಿಗಳು ಆಮ್ಲಜನಕ ತುಂಬಿದ ರಕ್ತವನ್ನು ಹೃದಯಕ್ಕೆ ತರುತ್ತವೆ. ಹಾಗಾಗಿ ಒಂದು ನಾಳ ಅಪಧಮನಿಯೋ ಅಲ್ಲವೋ ಅನ್ನೋದನ್ನು ರಕ್ತದ ಗುಣ ತೀರ್ಮಾನಿಸೋದಿಲ್ಲ. ದಿಕ್ಕು ತೀರ್ಮಾನಿಸುತ್ತದೆ. ಹೃದಯದಿಂದ ಹೊರಕ್ಕೆ ಹೋದರೆ ಅಪಧಮನಿ. ದಿಕ್ಕಿನ ಸಾಲನ್ನು ಮೊದಲು ಬರೆಯಬೇಕು, ಆಮ್ಲಜನಕದ ಸಾಲನ್ನು ಕೊನೆಗೆ, ಅಪವಾದದ ಜೊತೆಗೇ ಬರೆಯಬೇಕು.

| ಆಧಾರ | ಅಪಧಮನಿ | ಅಭಿಧಮನಿ |
|---|---|---|
| ಹರಿಯುವ ದಿಕ್ಕು | ಹೃದಯದಿಂದ ಹೊರಕ್ಕೆ | ಹೃದಯದ ಕಡೆಗೆ |
| ಒತ್ತಡ | ಹೆಚ್ಚು | ಕಡಿಮೆ |
| ಗೋಡೆ | ದಪ್ಪ, ಹಿಗ್ಗಿ ಕುಗ್ಗುವಂಥದ್ದು | ತೆಳು |
| ಒಳಗೆ ಕವಾಟ | ಇಲ್ಲ (ಹೃದಯದಿಂದ ಹೊರಡುವ ಬಾಯಲ್ಲಿ ಮಾತ್ರ ಇದೆ) | ಬಹಳ ಕಡೆ ಇವೆ, ಮುಖ್ಯವಾಗಿ ಕೈಕಾಲುಗಳಲ್ಲಿ |
| ಆಮ್ಲಜನಕ | ಹೆಚ್ಚು. ಪುಪ್ಪುಸಕ ಅಪಧಮನಿಯಲ್ಲಿ ಕಡಿಮೆ | ಕಡಿಮೆ. ಪುಪ್ಪುಸಕ ಅಭಿಧಮನಿಯಲ್ಲಿ ಹೆಚ್ಚು |

ಈ ಸಾಲುಗಳು ಒಂದರಿಂದ ಒಂದು ಹುಟ್ಟುತ್ತವೆ, ಗಮನಿಸಿ. ಹೃದಯದಿಂದ ಈಗಷ್ಟೇ ಹೊರಟ ರಕ್ತಕ್ಕೆ ಒತ್ತಡ ಜಾಸ್ತಿ, ಅದನ್ನು ತಡೆಯಲು ದಪ್ಪ ಗೋಡೆ ಬೇಕು. ಲೋಮನಾಳಗಳ ಬಲೆ ದಾಟಿ ಬರುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ, ತೆಳು ಗೋಡೆ ಸಾಕು. ಆದರೆ ಒತ್ತಡ ಇಲ್ಲದ ರಕ್ತ ಕಾಲಿನಿಂದ ಮೇಲಕ್ಕೆ ಏರುವಾಗ ಕೆಳಗೆ ಜಾರಬಹುದು, ಅದಕ್ಕೇ ಕವಾಟ. ಮಗಳಿಗೆ ದಿಕ್ಕಿನ ಸಾಲು ಒಂದೇ ನೆನಪಿದ್ದರೂ ಮುಂದಿನ ಮೂರನ್ನು ಯೋಚಿಸಿ ಬರೆಯಬಹುದು.

ಕವಾಟ ಇದೆ ಅನ್ನೋದನ್ನು ಅವಳ ಕೈಯಲ್ಲೇ ತೋರಿಸಬಹುದು. ನಿಮ್ಮ ಮನೆಯಲ್ಲಿ ನರ ಎದ್ದು ಕಾಣುವ ಕೈ ಯಾರದ್ದಾದರೂ ಇದ್ದರೆ ಇನ್ನೂ ಸುಲಭ, ತೋಟದಲ್ಲಿ ಕೆಲಸ ಮಾಡುವವರ ಕೈ ಆದರೆ ಬಹಳ ಚೆನ್ನ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಬೇಕು. ಮುಂಗೈಯಲ್ಲಿ ನೆಟ್ಟಗೆ ಹೋಗುವ ಒಂದು ನಾಳ ಹುಡುಕಿ, ಮಣಿಕಟ್ಟಿನ ಕಡೆ ಒಂದು ಬೆರಳಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿಂದ ಅಲ್ಲಿಂದ ಮೊಣಕೈ ಕಡೆಗೆ ನಾಳದ ಮೇಲೆ ಸವರಿ, ಆ ಬೆರಳನ್ನು ಎತ್ತಿಬಿಡಿ. ಸವರಿದ ಜಾಗ ಖಾಲಿಯಾಗಿ ತಗ್ಗಾಗುತ್ತದೆ. ದಾರಿಯಲ್ಲಿ ಕವಾಟ ಇದ್ದರೆ ಮೇಲಿನ ರಕ್ತ ಅಲ್ಲಿಗೇ ನಿಲ್ಲುತ್ತದೆ, ಕೆಳಗೆ ಬರೋದಿಲ್ಲ. ಮಣಿಕಟ್ಟಿನ ಬೆರಳನ್ನು ತೆಗೆದ ತಕ್ಷಣ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಆ ಜಾಗದಲ್ಲಿ ಕವಾಟ ಸಿಗದಿದ್ದರೆ ಇನ್ನೊಂದು ನಾಳ ನೋಡಿ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಮೈಯಲ್ಲಿ ಸುತ್ತುತ್ತದೆ ಅಂತ 1628ರಲ್ಲಿ ಪ್ರಕಟಿಸಿದಾಗ ಕೊಟ್ಟ ಸಾಕ್ಷಿಗಳಲ್ಲಿ ಇದೂ ಒಂದು. ಅವರಿಗೆ ಲೋಮನಾಳ ಕಂಡಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡವರು ಇಟಲಿಯ ಮಾಲ್ಪೀಘಿ, 1661ರಲ್ಲಿ.

ಪುಪ್ಪುಸಕ ಅಪಧಮನಿಯ ಅಪವಾದವನ್ನು ಮನಸ್ಸಿಗೆ ಇಳಿಸಲು ನಮ್ಮ ಕೊಡಗಿನಲ್ಲಿ ಒಂದು ಅನುಕೂಲ ಇದೆ. ಹಂದಿಯ ಹೃದಯ ಗಾತ್ರದಲ್ಲೂ ರಚನೆಯಲ್ಲೂ ಮನುಷ್ಯರದ್ದಕ್ಕೆ ಬಹಳ ಹತ್ತಿರ. ಮನೆಯಲ್ಲಿ ತೊಂದರೆ ಇಲ್ಲದಿದ್ದರೆ ಮಾಂಸದ ಅಂಗಡಿಯಲ್ಲಿ ಮೊದಲೇ ಹೇಳಿಟ್ಟು, ಮೇಲಿನ ನಾಳಗಳನ್ನು ಬುಡಕ್ಕೆ ಕತ್ತರಿಸದ ಒಂದು ಇಡೀ ಹೃದಯ ತನ್ನಿ. ಹಂದಿ ಬೇಡ ಅನ್ನುವವರಿಗೆ ಕುರಿಯದ್ದೂ ಆಗುತ್ತದೆ, ಅದಕ್ಕೂ ನಾಲ್ಕೇ ಕೋಣೆ. ಕೈಗವಸು ಹಾಕಿಕೊಳ್ಳಿ, ಮುಗಿದ ಮೇಲೆ ಕೈ, ಚಾಕು, ಮಣೆ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಚಾಕು ನಿಮ್ಮ ಕೈಯಲ್ಲಿರಲಿ.

ಕತ್ತರಿಸುವ ಮೊದಲು ಮೇಲಿನ ನಾಳಗಳನ್ನು ನೋಡಿ. ಎರಡು ನಾಳಗಳ ಬಾಯಿ ಗಟ್ಟಿ ಗೋಡೆಯಿಂದಾಗಿ ದುಂಡಗೆ ತೆರೆದೇ ನಿಂತಿರುತ್ತದೆ. ಉಳಿದವು ತೆಳುವಾಗಿ ಮುದುಡಿಕೊಂಡಿರುತ್ತವೆ. ತೆರೆದು ನಿಂತವು ಅಪಧಮನಿಗಳು: ಒಂದು ಮಹಾಪಧಮನಿ, ಇನ್ನೊಂದು ಅದರ ಮುಂದೆ ಇರುವ ಪುಪ್ಪುಸಕ ಅಪಧಮನಿ. ಈ ಮುಂದಿನದರೊಳಗೆ ಮಗಳು ಒಂದು ಬೆರಳು ಇಳಿಸಲಿ. ಬೆರಳು ಹೃದಯದ ತೆಳುಗೋಡೆಯ ಕೋಣೆಗೆ ಹೋಗುತ್ತದೆ. ಅದು ಬಲ ಹೃತ್ಕುಕ್ಷಿ, ಮೈಯಿಂದ ವಾಪಸ್ ಬಂದ ರಕ್ತ ಇರುವ ಕೋಣೆ. ಹಿಂದಿನದರೊಳಗೆ ಇಳಿಸಿದರೆ ದಪ್ಪ ಗೋಡೆಯ ಎಡ ಹೃತ್ಕುಕ್ಷಿ ಸಿಗುತ್ತದೆ. ಎರಡೂ ಹೊರಕ್ಕೆ ಹೋಗುವ ನಾಳಗಳೇ, ಎರಡೂ ಅಪಧಮನಿಗಳೇ, ಆದರೆ ಒಳಗಿನ ರಕ್ತ ಬೇರೆ ಬೇರೆ. ಬೆರಳಿಗೆ ತಿಳಿದ ಮೇಲೆ ‘ಶುದ್ಧ–ಅಶುದ್ಧ’ ಸಾಲು ಪತ್ರಿಕೆಯಲ್ಲಿ ಕಾಣಿಸೋದಿಲ್ಲ.

ಆಮೇಲೆ ಹೃದಯದ ತುದಿಯಿಂದ ಮೂರನೇ ಒಂದು ಭಾಗ ಬಿಟ್ಟು ಅಡ್ಡ ಕೊಯ್ಯಿರಿ. ಎಡಕೋಣೆ ದುಂಡಗೆ, ಸುತ್ತಲೂ ದಪ್ಪ ಮಾಂಸ. ಬಲಕೋಣೆ ಅದಕ್ಕೆ ಅಂಟಿಕೊಂಡ ಅರ್ಧಚಂದ್ರದ ಆಕಾರ, ಗೋಡೆ ಅದರ ಮೂರನೇ ಒಂದು ಭಾಗದಷ್ಟಿರಬಹುದು. ಇಲ್ಲಿ ಮಕ್ಕಳು ಇನ್ನೊಂದು ತಪ್ಪು ಬರೆಯುತ್ತಾರೆ: ಎಡಭಾಗ ಜಾಸ್ತಿ ರಕ್ತ ಪಂಪ್ ಮಾಡುತ್ತದೆ, ಅದಕ್ಕೆ ಗೋಡೆ ದಪ್ಪ ಅಂತ. ಎರಡೂ ಕಡೆ ಪಂಪ್ ಆಗೋ ರಕ್ತ ಒಂದೇ ಪ್ರಮಾಣದ್ದು. ಒಂದೇ ಸುತ್ತಿನಲ್ಲಿ ಒಂದಾದ ಮೇಲೆ ಒಂದು ಬರುವ ಪಂಪುಗಳು ಅವು, ಒಂದು ಜಾಸ್ತಿ ತಳ್ಳಿದರೆ ಇನ್ನೊಂದರ ಹಿಂದೆ ರಕ್ತ ಕಟ್ಟಿಕೊಳ್ಳುತ್ತದೆ. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ಕಡಿಮೆ ಒತ್ತಡದಲ್ಲಿ ಕಳಿಸುತ್ತದೆ, ಎಡಭಾಗ ಇಡೀ ಮೈಗೆ ಹೆಚ್ಚು ಒತ್ತಡದಲ್ಲಿ ಕಳಿಸಬೇಕು. ಗೋಡೆಯ ದಪ್ಪಕ್ಕೆ ಕಾರಣ ಒತ್ತಡ.

ಹೃದಯಕ್ಕೆ ಹಂದಿ ಸರಿ, ಕರುಳಿಗೆ ಬೇಡ. ಹಂದಿಯ ಸಣ್ಣ ಕರುಳು ನಮ್ಮದಕ್ಕಿಂತ ತುಂಬ ಉದ್ದ, ದೊಡ್ಡ ಕರುಳಿನ ಸುರುಳಿಯೂ ಬೇರೆ ಥರ. ಕುರಿಯ ಜಠರವನ್ನಂತೂ ತೋರಿಸಲೇಬೇಡಿ. ಅದು ಮೆಲುಕು ಹಾಕುವ ಪ್ರಾಣಿ, ಜಠರ ನಾಲ್ಕು ಭಾಗದ್ದು. ಅದನ್ನು ನೋಡಿದ ಮಗು ಮನುಷ್ಯರ ಪಟ್ಟಿಯಲ್ಲಿ ಅದನ್ನೇ ಬರೆದುಬಿಡುತ್ತದೆ.

ಮುಂದಿನ ಟೆಸ್ಟಿಗೆ ಸಣ್ಣ ಕರುಳು–ದೊಡ್ಡ ಕರುಳು ಕೇಳುವ ಸಾಧ್ಯತೆ ಇದೆ. ಮಳೆ ರಜೆಯಲ್ಲಿ ಪಾಠಗಳು ಒಟ್ಟೊಟ್ಟಿಗೆ ಓಡಿರುತ್ತವೆ, ಇಂಥ ಪಟ್ಟಿ ಪ್ರಶ್ನೆ ಬಂದೇ ಬರುತ್ತದೆ. ಆಧಾರಗಳು ಉದ್ದ, ಅಗಲ, ಒಳಗೋಡೆ, ಕೆಲಸ. ಸಣ್ಣದು ಸುಮಾರು 6 ಮೀಟರ್, ದೊಡ್ಡದು ಸುಮಾರು ಒಂದೂವರೆ ಮೀಟರ್. ಅವಳ ಪುಸ್ತಕದಲ್ಲಿ ಸಣ್ಣದಕ್ಕೆ ಬೇರೆ ಅಂಕಿ ಇದ್ದರೆ ಪುಸ್ತಕದ್ದನ್ನೇ ಬರೆಯಲಿ, ಜೀವಂತ ಮೈಯಲ್ಲಿ ಅಳೆದದ್ದಕ್ಕೂ ಹೊರಗೆ ತೆಗೆದು ಅಳೆದದ್ದಕ್ಕೂ ವ್ಯತ್ಯಾಸ ಬರುತ್ತದೆ. ಸಣ್ಣದು, ದೊಡ್ಡದು ಅನ್ನೋದು ಅಗಲದ ಮಾತು. ವಿಲ್ಲೈ ಇರೋದು ಸಣ್ಣ ಕರುಳಿನಲ್ಲಿ ಮಾತ್ರ.

ಕೆಲಸದ ಸಾಲಿನಲ್ಲಿ ಮಾತ್ರ ಎಚ್ಚರ ಬೇಕು. ‘ಸಣ್ಣ ಕರುಳು ಆಹಾರ ಹೀರುತ್ತದೆ, ದೊಡ್ಡ ಕರುಳು ನೀರು ಹೀರುತ್ತದೆ’ ಅಂತ ಎಲ್ಲರೂ ಬರೆಯುತ್ತಾರೆ. ಇದರಿಂದ ಸಣ್ಣ ಕರುಳು ನೀರು ಹೀರೋದೇ ಇಲ್ಲ ಅನ್ನೋ ಅರ್ಥ ಬರುತ್ತದೆ. ನಿಜ ಉಲ್ಟಾ ಇದೆ. ಕುಡಿದದ್ದು, ತಿಂದದ್ದು, ಜೊತೆಗೆ ಮೈ ತಾನೇ ಸುರಿಸುವ ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ 7ಕ್ಕೂ ಹೆಚ್ಚು ಲೀಟರನ್ನು ಸಣ್ಣ ಕರುಳೇ ಹೀರಿಬಿಡುತ್ತದೆ. ದೊಡ್ಡ ಕರುಳಿಗೆ ಸೇರೋದು ಒಂದೂವರೆ ಲೀಟರಿನಷ್ಟು. ಅದರಲ್ಲಿ ಬಹುಪಾಲನ್ನು ಅದು ಹೀರಿ, ಮಲದಲ್ಲಿ ಹೋಗೋದು 100ರಿಂದ 200 ಮಿಲಿಲೀಟರ್ ಮಾತ್ರ. ಭೇದಿಯಾದಾಗ ಮೈ ಅಷ್ಟು ಬೇಗ ಒಣಗೋದು ಈ ಲೆಕ್ಕ ತಪ್ಪುವುದರಿಂದಲೇ. ಆದ್ದರಿಂದ ಸಣ್ಣ ಕರುಳಿನ ಎದುರು ‘ಜೀರ್ಣಕ್ರಿಯೆ ಮುಗಿಸಿ ಆಹಾರಾಂಶಗಳನ್ನೂ ಹೆಚ್ಚಿನ ನೀರನ್ನೂ ಹೀರುತ್ತದೆ’ ಅಂತ ಬರೆಯಲಿ. ದೊಡ್ಡ ಕರುಳಿನ ಎದುರು ‘ಉಳಿದ ನೀರನ್ನೂ ಲವಣಗಳನ್ನೂ ಹೀರಿ ಮಲವನ್ನು ಗಟ್ಟಿ ಮಾಡುತ್ತದೆ’ ಅಂತ ಬರೆಯಲಿ. ‘ಉಳಿದ’ ಅನ್ನೋದನ್ನು ಮಾತ್ರ ಬಿಡಬಾರದು ಅಂತ ಹೇಳಿ.